ಹಳಿಗಳ ಮೇಲೆ ಜಾರುವ ಸರಳು: ಇಎಂಎಫ್‌ನಿಂದ ಬ್ರೇಕ್ ಬಲದವರೆಗೆ ಹಂತ ಹಂತವಾಗಿ

ಕಾರವಾರ, ಕುಮಟಾ, ಶಿರಸಿ ಕಡೆಯ ದ್ವಿತೀಯ ಪಿಯುಸಿ ಮಕ್ಕಳಿಂದಲೂ ಅವರಿಗೆ ಪಾಠ ಹೇಳುವವರಿಂದಲೂ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ‘ε = Blv ಎಂದು ಬರೆಯುವುದು ಗೊತ್ತು. ಆದರೆ ಸರಳನ್ನು ಒಮ್ಮೆ ತಳ್ಳಿ ಬಿಟ್ಟರೆ ಎಷ್ಟು ದೂರ ಹೋಗಿ ನಿಲ್ಲುತ್ತದೆ? ಅದರ ಶಕ್ತಿ ಎಲ್ಲಿಗೆ ಹೋಯಿತು? ಕಾಂತಬಲ ಕೆಲಸವನ್ನೇ ಮಾಡುವುದಿಲ್ಲ ಎಂದ ಮೇಲೆ ತಂತಿ ಬಿಸಿಯಾಗುವುದು ಹೇಗೆ?’ ಒಂದೇ ಉದಾಹರಣೆಯನ್ನು ಮೊದಲಿಂದ ಕೊನೆಯವರೆಗೆ ಹಿಡಿದುಕೊಂಡು ಹೋದರೆ ಮೂರಕ್ಕೂ ಉತ್ತರ ಸಿಗುತ್ತದೆ. ಪೆನ್ನು, ಹಾಳೆ ಹತ್ತಿರ ಇಟ್ಟುಕೊಂಡು ನೀವೂ ಜೊತೆಗೆ ಲೆಕ್ಕ ಮಾಡಿ.

ನಮ್ಮ ಉದಾಹರಣೆ ಹೀಗಿದೆ. ಎರಡು ಸಮಾನಾಂತರ ಹಳಿಗಳು, ನಡುವಿನ ಅಂತರ l = 0.2 ಮೀಟರ್. ಹಳಿಗಳ ಎಡ ತುದಿಗಳನ್ನು ಒಂದು ರೋಧಕ ಜೋಡಿಸುತ್ತದೆ. ಇಡೀ ಮಂಡಲದ ರೋಧ R = 0.1 ಓಮ್. ಹಳಿಗಳ ಮೇಲೆ ಅಡ್ಡಲಾಗಿ 50 ಗ್ರಾಂ ತೂಕದ ಸರಳು. ಹಾಳೆಗೆ ಲಂಬವಾಗಿ ಒಳಮುಖವಾಗಿರುವ, ಎಲ್ಲೆಡೆ ಸಮನಾದ ಕಾಂತಕ್ಷೇತ್ರ B = 0.5 ಟೆಸ್ಲಾ. ಸರಳನ್ನು ಬಲಕ್ಕೆ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ತಳ್ಳಿ ಕೈಬಿಡುತ್ತೇವೆ. ಘರ್ಷಣೆಯನ್ನು ಸದ್ಯಕ್ಕೆ ಬದಿಗಿಡೋಣ, ಆರನೇ ಹಂತದಲ್ಲಿ ಸೇರಿಸೋಣ.

ಹಂತ 1: ಚಿತ್ರ ಬರೆದು ದಿಕ್ಕು ಗೊತ್ತುಮಾಡಿ

ಸಂಖ್ಯೆಗಳನ್ನು ಮುಟ್ಟುವ ಮೊದಲು ದಿಕ್ಕು ತೀರ್ಮಾನವಾಗಲಿ. ಸರಳು ಬಲಕ್ಕೆ ಹೋಗುವಾಗ ಅದರೊಳಗಿನ ಆವೇಶಗಳೂ ಬಲಕ್ಕೆ ಹೋಗುತ್ತವೆ. ಕ್ಷೇತ್ರ ಹಾಳೆಯ ಒಳಕ್ಕೆ ಇರುವುದರಿಂದ ಧನ ಆವೇಶದ ಮೇಲಿನ ಬಲ ಸರಳಿನ ಉದ್ದಕ್ಕೆ, ಹಾಳೆಯಲ್ಲಿ ಮೇಲ್ಮುಖವಾಗಿ ಬರುತ್ತದೆ. ಹಾಗಾಗಿ ಮೇಲಿನ ತುದಿ ಧನ, ಕೆಳಗಿನದು ಋಣ. ಕರೆಂಟ್ ಸರಳಿನಲ್ಲಿ ಮೇಲಕ್ಕೆ ಹರಿದು, ಮೇಲಿನ ಹಳಿಯಲ್ಲಿ ಎಡಕ್ಕೆ ಸಾಗಿ, ರೋಧಕದಲ್ಲಿ ಕೆಳಗಿಳಿಯುತ್ತದೆ. ಅಂದರೆ ಗಡಿಯಾರಕ್ಕೆ ವಿರುದ್ಧ ದಿಕ್ಕು.

ಈಗ ಲೆಂಜ್ ನಿಯಮದಿಂದ ತಾಳೆ ನೋಡಿ. ಸರಳು ಬಲಕ್ಕೆ ಸರಿದಂತೆ ಆವರಣದ ಒಳಗೆ ಹಾಳೆಯೊಳಕ್ಕೆ ಹೋಗುವ ಫ್ಲಕ್ಸ್ ಹೆಚ್ಚುತ್ತದೆ. ಆವರಣದೊಳಗೆ ಹಾದುಹೋಗುವ ಕ್ಷೇತ್ರದ ಒಟ್ಟು ಮೊತ್ತವೇ ಫ್ಲಕ್ಸ್. ಪ್ರೇರಿತ ಕರೆಂಟ್ ಈ ಹೆಚ್ಚಳವನ್ನು ವಿರೋಧಿಸಲು ಹಾಳೆಯಿಂದ ಹೊರಕ್ಕೆ ಕ್ಷೇತ್ರ ಹುಟ್ಟಿಸಬೇಕು. ಅದಕ್ಕೆ ಬೇಕಾದದ್ದು ಗಡಿಯಾರಕ್ಕೆ ವಿರುದ್ಧ ದಿಕ್ಕೇ. ಎರಡು ದಾರಿಗಳೂ ಒಂದೇ ಉತ್ತರ ಕೊಟ್ಟಿವೆ, ಇನ್ನು ಮುಂದೆ ಹೋಗಬಹುದು. ಉತ್ತರ ಬೇರೆಬೇರೆ ಬಂದರೆ ಸಾಮಾನ್ಯವಾಗಿ ತಪ್ಪಾಗಿರುವುದು ಎಡಗೈ, ಬಲಗೈ ನಿಯಮಗಳ ಅದಲುಬದಲಿನಲ್ಲಿ. ಚಲನೆಯಿಂದ ಕರೆಂಟ್ ಹುಟ್ಟುವಲ್ಲಿ ಫ್ಲೆಮಿಂಗ್‌ನ ಬಲಗೈ, ಕರೆಂಟಿನಿಂದ ಬಲ ಹುಟ್ಟುವಲ್ಲಿ ಎಡಗೈ.

ಹಂತ 2: ಇಎಂಎಫ್ ಲೆಕ್ಕ

ಸರಳಿನ ಚಲನೆಯಿಂದ ಹುಟ್ಟುವ ವಿದ್ಯುಚ್ಚಾಲಕ ಬಲವೇ ಚಲನ ಇಎಂಎಫ್. ಅದು ವೋಲ್ಟ್‌ನಲ್ಲಿ ಅಳೆಯುವ ಪರಿಮಾಣ. ಹೆಸರಿನಲ್ಲಿ ‘ಬಲ’ ಇದ್ದರೂ ನ್ಯೂಟನ್ ಅಲ್ಲ.

ε = Blv = 0.5 × 0.2 × 2 = 0.2 V

ಇಲ್ಲಿ l ಎಂದರೆ ಹಳಿಗಳ ನಡುವಿನ ಅಂತರ, ಸರಳಿನ ಪೂರ್ತಿ ಉದ್ದವಲ್ಲ. ಸರಳು 30 ಸೆಂಟಿಮೀಟರ್ ಉದ್ದವಿದ್ದು ಎರಡೂ ಕಡೆ ಹೊರಚಾಚಿದ್ದರೂ ಮಂಡಲಕ್ಕೆ ಲೆಕ್ಕ 20 ಸೆಂಟಿಮೀಟರ್ ಮಾತ್ರ. ಇನ್ನೊಂದು ಎಚ್ಚರಿಕೆ: ಫ್ಲಕ್ಸ್ ಬದಲಾವಣೆಯಿಂದ ಬಂದ 0.2 ವೋಲ್ಟ್, ಆವೇಶದ ಮೇಲಿನ ಬಲದಿಂದ ಬಂದ 0.2 ವೋಲ್ಟ್ ಎರಡನ್ನೂ ಕೂಡಿಸಿ 0.4 ಎಂದು ಬರೆಯಬೇಡಿ. ಅವು ಒಂದೇ ಇಎಂಎಫ್ ಅನ್ನು ಕಂಡುಹಿಡಿಯುವ ಎರಡು ವಿಧಾನಗಳು.

ಕೊಂಕಣ ರೈಲ್ವೆ ಪಕ್ಕದಲ್ಲೇ ಇರುವವರು ಕೇಳುವ ಪ್ರಶ್ನೆಗೂ ಇಲ್ಲೇ ಉತ್ತರ ಹೇಳಬಹುದು: ಭೂಮಿಯ ಕಾಂತಕ್ಷೇತ್ರದಲ್ಲಿ ಓಡುವ ರೈಲಿನ ಅಚ್ಚಿನಲ್ಲೂ ವೋಲ್ಟೇಜ್ ಹುಟ್ಟುತ್ತದೆಯೇ? ಹುಟ್ಟುತ್ತದೆ, ಆದರೆ ಬಹಳ ಕಡಿಮೆ. ಅಡ್ಡಲಾಗಿ ಮಲಗಿದ ಅಚ್ಚು ಸಮತಲದಲ್ಲಿ ಚಲಿಸುವಾಗ ಕ್ಷೇತ್ರದ ಲಂಬ ಘಟಕ ಮಾತ್ರ ಲೆಕ್ಕಕ್ಕೆ ಬರುತ್ತದೆ. ನಮ್ಮ ಕರಾವಳಿ ಕಾಂತೀಯ ಸಮಭಾಜಕಕ್ಕೆ ಹತ್ತಿರವಿರುವುದರಿಂದ ಆ ಘಟಕ ಇಲ್ಲಿ 10–15 ಮೈಕ್ರೋಟೆಸ್ಲಾ ಆಸುಪಾಸು ಮಾತ್ರ. ಹಳಿಗಳ ಅಂತರ 1.676 ಮೀಟರ್, ವೇಗ ಗಂಟೆಗೆ 90 ಕಿಲೋಮೀಟರ್, ಅಂದರೆ ಸೆಕೆಂಡಿಗೆ 25 ಮೀಟರ್ ಎಂದುಕೊಂಡರೆ ಬರುವುದು ಅರ್ಧ ಮಿಲಿವೋಲ್ಟ್ ಆಸುಪಾಸು. ಅಷ್ಟನ್ನೂ ಬೋಗಿಯೊಳಗೆ ಕುಳಿತು ಮೀಟರಿನಿಂದ ಅಳೆಯಲಾಗದು. ಮೀಟರಿನ ತಂತಿಗಳೂ ಅದೇ ವೇಗದಲ್ಲಿ ಚಲಿಸುವುದರಿಂದ ಅವುಗಳಲ್ಲೂ ಅಷ್ಟೇ ಇಎಂಎಫ್ ಹುಟ್ಟಿ, ಆವರಣ ಸುತ್ತಿ ಬಂದಾಗ ಮೊತ್ತ ಸೊನ್ನೆಯಾಗುತ್ತದೆ. ಎರಡು ಅಚ್ಚುಗಳು ಮತ್ತು ಅವುಗಳ ನಡುವಿನ ಹಳಿ ಸೇರಿದ ಆವರಣಕ್ಕೂ ಇದೇ ಮಾತು: ಅಚ್ಚುಗಳ ನಡುವಿನ ದೂರ ಬದಲಾಗದ ಕಾರಣ ಫ್ಲಕ್ಸ್ ಬದಲಾಗದು, ಕರೆಂಟ್ ಹರಿಯದು. ನಮ್ಮ ಸರಳಿನಲ್ಲಿ ಕರೆಂಟ್ ಹರಿಯುವುದು ಆವರಣದ ಒಂದು ಬದಿ ಚಲಿಸಿ, ಎದುರಿನ ಬದಿ ನಿಂತಲ್ಲೇ ಇರುವುದರಿಂದ.

ಹಂತ 3: ಕರೆಂಟ್ ಮತ್ತು ರೋಧ

I = ε/R = 0.2/0.1 = 2 A

R ಎಂದರೆ ರೋಧಕ, ಸರಳು, ಹಳಿ, ಸ್ಪರ್ಶಬಿಂದು ಎಲ್ಲ ಸೇರಿದ ಒಟ್ಟು ರೋಧ. ಸರಳು ಇಲ್ಲಿ ಬ್ಯಾಟರಿಯ ಸ್ಥಾನದಲ್ಲಿದೆ, ಹಾಗಾಗಿ ಸರಳಿನ ಸ್ವಂತ ರೋಧ ಬ್ಯಾಟರಿಯ ಆಂತರಿಕ ರೋಧದಂತೆ ವರ್ತಿಸುತ್ತದೆ. 0.1 ಓಮ್‌ನಲ್ಲಿ 0.02 ಓಮ್ ಸರಳಿನದೇ ಆಗಿದ್ದರೆ, ಎರಡು ಹಳಿಗಳ ನಡುವೆ ಮೀಟರ್ ತೋರಿಸುವುದು 0.2 ಅಲ್ಲ, 0.2 − 2 × 0.02 = 0.16 ವೋಲ್ಟ್. ‘ಸರಳಿನ ಇಎಂಎಫ್’ ಮತ್ತು ‘ಸರಳಿನ ತುದಿಗಳ ನಡುವಿನ ವಿಭವಾಂತರ’ ಎರಡನ್ನೂ ಒಂದೇ ಎಂದುಕೊಂಡವರು ಅಂಕ ಕಳೆದುಕೊಳ್ಳುವುದು ಇಲ್ಲಿಯೇ. ಹಳಿಗಳ ರೋಧ ಗಣನೀಯವಾಗಿದ್ದರೆ ಸರಳು ಮುಂದೆ ಹೋದಂತೆ R ಹೆಚ್ಚುತ್ತದೆ. ಆಗ ಕೆಳಗಿನ ಸರಳ ಸೂತ್ರಗಳು ಅನ್ವಯಿಸುವುದಿಲ್ಲ.

ಹಂತ 4: ಬ್ರೇಕ್ ಬಲ

ಕರೆಂಟ್ ಹರಿಯುವ ಸರಳು ಕಾಂತಕ್ಷೇತ್ರದಲ್ಲಿದೆ, ಆದ್ದರಿಂದ ಅದರ ಮೇಲೆ ಬಲ ಬೀಳುತ್ತದೆ.

F = BIl = 0.5 × 2 × 0.2 = 0.2 N, ಎಡಕ್ಕೆ

I ಬದಲು Blv/R ಹಾಕಿದರೆ F = (B²l²/R) v. ಇದರಲ್ಲಿನ B²l²/R ಭಾಗವನ್ನು k ಎಂದು ಕರೆಯೋಣ. ನಮ್ಮ ಉದಾಹರಣೆಯಲ್ಲಿ k = 0.01/0.1 = 0.1. ಅಂದರೆ ಸೆಕೆಂಡಿಗೆ ಒಂದು ಮೀಟರ್ ವೇಗಕ್ಕೆ 0.1 ನ್ಯೂಟನ್ ತಡೆ. ಈ ಬಲ ವೇಗಕ್ಕೆ ಅನುಪಾತದಲ್ಲಿದೆ. ವೇಗ ಇಳಿದಂತೆ ಬ್ರೇಕೂ ಸಡಿಲವಾಗುತ್ತದೆ, ನಿಂತ ಸರಳಿನ ಮೇಲೆ ಬ್ರೇಕೇ ಇಲ್ಲ. ಆದ್ದರಿಂದ ಈ ಬ್ರೇಕ್ ಓಡುವುದನ್ನು ನಿಧಾನಗೊಳಿಸಬಲ್ಲದು, ಇಳಿಜಾರಿನಲ್ಲಿ ನಿಂತದ್ದನ್ನು ಹಿಡಿದಿಡಲಾರದು.

ಕೈಬಿಡದೆ ಸರಳನ್ನು ಸೆಕೆಂಡಿಗೆ 2 ಮೀಟರ್ ವೇಗದಲ್ಲೇ ಎಳೆಯುತ್ತಿರಬೇಕೆಂದರೆ ಎಷ್ಟೇ ಹೊತ್ತಾದರೂ 0.2 ನ್ಯೂಟನ್ ಬಲ ಹಾಕುತ್ತಲೇ ಇರಬೇಕು. ಎಳೆಯುವವರು ಕೊಡುವ ಸಾಮರ್ಥ್ಯ Fv = 0.4 ವಾಟ್. ರೋಧದಲ್ಲಿ ಹುಟ್ಟುವ ಶಾಖ I²R = 4 × 0.1 = 0.4 ವಾಟ್. ಪೈಸೆಗೆ ಪೈಸೆ ಸರಿ.

ಹಂತ 5: ಕೈಬಿಟ್ಟ ಸರಳು ಎಲ್ಲಿ ನಿಲ್ಲುತ್ತದೆ?

ಅತಿ ಹೆಚ್ಚು ತಪ್ಪುಗಳಾಗುವ ಹಂತ ಇದು. ಆರಂಭದ ಮಂದನ F/m = 0.2/0.05 = 4 m/s². ಇದನ್ನು ಹಿಡಿದು v² = u² + 2as ಸೂತ್ರಕ್ಕೆ ಹಾಕಿದರೆ 0.5 ಮೀಟರ್ ಎಂಬ ಉತ್ತರ ಬರುತ್ತದೆ. ಅದು ತಪ್ಪು, ಯಾಕೆಂದರೆ ಆ ಸೂತ್ರ ಸಮ ಮಂದನಕ್ಕೆ ಮಾತ್ರ. ಇಲ್ಲಿ ಮಂದನ ಕ್ಷಣಕ್ಷಣಕ್ಕೂ ಇಳಿಯುತ್ತಿದೆ.

ಸರಿಯಾದ ಸಮೀಕರಣ m dv/dt = −kv. ಇದರ ಪರಿಹಾರ v = v₀e^(−t/τ). ಇಲ್ಲಿ τ = m/k = mR/(B²l²) = 0.5 ಸೆಕೆಂಡ್. τ ಎಂಬುದು ಕಾಲ ಸ್ಥಿರಾಂಕ: ಪ್ರತಿ τ ಕಳೆದಾಗಲೂ ವೇಗ ಆಗಿದ್ದುದರ ಸುಮಾರು 37 ಶೇಕಡಕ್ಕೆ ಇಳಿಯುತ್ತದೆ. ಅರ್ಧ ಸೆಕೆಂಡಿಗೆ ಸೆಕೆಂಡಿಗೆ 0.74 ಮೀಟರ್, ಒಂದು ಸೆಕೆಂಡಿಗೆ 0.27, ಎರಡು ಸೆಕೆಂಡಿಗೆ 0.04.

ದೂರ ಕಂಡುಹಿಡಿಯಲು ಸಮಾಕಲನವೂ ಬೇಕಿಲ್ಲ. m dv = −k v dt, ಮತ್ತು v dt ಎಂದರೆ dx. ಹಾಗಾಗಿ ಸರಳು ಪೂರ್ತಿ ನಿಲ್ಲುವ ಹೊತ್ತಿಗೆ mv₀ = kx, ಅಂದರೆ x = mv₀/k = 0.05 × 2/0.1 = 1 ಮೀಟರ್. ಮೇಲಿನ ತಪ್ಪು ಉತ್ತರದ ಸರಿಯಾಗಿ ಎರಡು ಪಟ್ಟು. ಗಣಿತದ ಪ್ರಕಾರ ಪೂರ್ತಿ ನಿಲ್ಲಲು ಅನಂತ ಕಾಲ ಬೇಕು, ಆದರೆ ಕ್ರಮಿಸುವ ದೂರ ಮಾತ್ರ ಒಂದು ಮೀಟರ್ ದಾಟುವುದಿಲ್ಲ. ‘ಎಂದಿಗೂ ನಿಲ್ಲದ್ದು ಅನಂತ ದೂರ ಹೋಗಬೇಕಲ್ಲ’ ಎಂಬ ಸಂಶಯ ಬಂದರೆ ವೇಗದ ಸಂಖ್ಯೆಗಳನ್ನು ಮತ್ತೊಮ್ಮೆ ನೋಡಿ: ಎರಡು ಸೆಕೆಂಡಿನ ನಂತರ ಉಳಿಯುವ ದೂರ ಇನ್ನು ಎರಡು ಸೆಂಟಿಮೀಟರ್ ಕೂಡ ಇಲ್ಲ.

ಮಂಡಲದಲ್ಲಿ ಹರಿದ ಒಟ್ಟು ಆವೇಶ q = Blx/R = 0.1 × 1/0.1 = 1 ಕೂಲಂಬ್. ಸಂವೇಗದ ಕಡೆಯಿಂದ mv₀ = Blq ಎಂದು ತಾಳೆ ನೋಡಿ: ಎಡಕ್ಕೂ 0.1, ಬಲಕ್ಕೂ 0.1. ದೂರದ ಉತ್ತರದ ಮೇಲೆ ಅನುಮಾನವಿದ್ದಾಗ ಈ ತಾಳೆ ಬಹಳ ಉಪಯೋಗಕ್ಕೆ ಬರುತ್ತದೆ.

ಈಗ ಶಕ್ತಿಯ ಲೆಕ್ಕ. ಆರಂಭದ ಚಲನಶಕ್ತಿ ½ × 0.05 × 4 = 0.1 ಜೂಲ್. ಕರೆಂಟೂ ವೇಗದಂತೆಯೇ e^(−t/τ) ಪ್ರಕಾರ ಇಳಿಯುತ್ತದೆ, I²R ಅದರ ವರ್ಗವಾದ್ದರಿಂದ ಎರಡು ಪಟ್ಟು ಬೇಗ ಇಳಿಯುತ್ತದೆ. ಹಾಗಾಗಿ ಒಟ್ಟು ಶಾಖ = I₀²R × τ/2 = 0.4 × 0.25 = 0.1 ಜೂಲ್. ಚಲನಶಕ್ತಿ ಎಷ್ಟಿತ್ತೋ ಅಷ್ಟೂ ಶಾಖವಾಗಿದೆ. τ/2 ಬದಲು τ ಹಾಕಿದರೆ 0.2 ಜೂಲ್ ಬಂದು, ಇದ್ದುದಕ್ಕಿಂತ ಹೆಚ್ಚು ಶಕ್ತಿ ಖರ್ಚಾದಂತೆ ಕಾಣುತ್ತದೆ. ಅಂಥ ಉತ್ತರ ಬಂದ ಕೂಡಲೇ ಹಿಂದಕ್ಕೆ ಹೋಗಿ ಹುಡುಕಬೇಕಾದ ತಪ್ಪು ಇದೇ. ಮೊದಲ ಅರ್ಧ ಸೆಕೆಂಡಿನಲ್ಲಿ ವೇಗದ 63 ಶೇಕಡ ಹೋದರೆ ಶಕ್ತಿಯ 86 ಶೇಕಡ ಹೋಗಿರುತ್ತದೆ ಎಂಬುದನ್ನೂ ಗಮನಿಸಿ.

ಇನ್ನು ಆ ಕಠಿಣ ಪ್ರಶ್ನೆ: ಕಾಂತಬಲ ಕೆಲಸ ಮಾಡುವುದಿಲ್ಲ, ಹಾಗಾದರೆ ಈ 0.1 ಜೂಲ್ ದಾಟಿದ್ದು ಹೇಗೆ? ಸರಳಿನೊಳಗಿನ ಒಂದು ಧನ ಆವೇಶ q ತೆಗೆದುಕೊಳ್ಳಿ. ಅದಕ್ಕೆ ಎರಡು ವೇಗಗಳಿವೆ: ಸರಳಿನ ಜೊತೆಗೆ ಬಲಕ್ಕೆ v, ಕರೆಂಟಾಗಿ ಮೇಲಕ್ಕೆ u. ಬಲಕ್ಕೆ ಇರುವ ವೇಗದಿಂದ ಮೇಲ್ಮುಖ ಬಲ qvB ಹುಟ್ಟುತ್ತದೆ, ಆವೇಶ ಮೇಲಕ್ಕೆ ಹರಿಯುವುದರಿಂದ ಅದು ಪ್ರತಿ ಸೆಕೆಂಡಿಗೆ qvB·u ಕೆಲಸ ಮಾಡುತ್ತದೆ. ಇದೇ ಇಎಂಎಫ್. ಮೇಲಕ್ಕೆ ಇರುವ ವೇಗದಿಂದ ಎಡಮುಖ ಬಲ quB ಹುಟ್ಟುತ್ತದೆ, ಅದು ಚಲನೆಗೆ ವಿರುದ್ಧವಾಗಿ −quB·v ಕೆಲಸ ಮಾಡುತ್ತದೆ. ಇದೇ ಬ್ರೇಕ್. ಎರಡನ್ನೂ ಕೂಡಿಸಿದರೆ ಸೊನ್ನೆ. ಕಾಂತಕ್ಷೇತ್ರ ತನ್ನ ಕೈಯಿಂದ ಏನನ್ನೂ ಕೊಡುವುದಿಲ್ಲ. ಸರಳಿನ ಚಲನೆಯಿಂದ ತೆಗೆದಷ್ಟನ್ನೇ ಕರೆಂಟಿಗೆ ಹಾಕುತ್ತದೆ. ಇಎಂಎಫ್ ಮತ್ತು ಬ್ರೇಕ್ ಬಲ ಬೇರೆಬೇರೆ ಪಾಠಗಳಲ್ಲಿ ಬಂದರೂ ಒಂದೇ ಬಲದ ಎರಡು ಘಟಕಗಳು. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ತಪ್ಪಿಸಲು ಸಾಧ್ಯವೇ ಇಲ್ಲ.

ಹಂತ 6: ಘರ್ಷಣೆ ಸೇರಿಸಿ

ಘರ್ಷಣಾ ಗುಣಾಂಕ 0.2 ಎಂದುಕೊಳ್ಳಿ. ಘರ್ಷಣಾ ಬಲ f = 0.2 × 0.05 × 9.8 = 0.098 ನ್ಯೂಟನ್. ಇದು ವೇಗ ಇಳಿದರೂ ಇಳಿಯುವುದಿಲ್ಲ. ಆರಂಭದಲ್ಲಿ ಕಾಂತ ಬ್ರೇಕ್ ಇದರ ಎರಡು ಪಟ್ಟು ಇದ್ದರೂ ವೇಗ ಸೆಕೆಂಡಿಗೆ ಒಂದು ಮೀಟರಿಗೆ ಇಳಿಯುವ ಹೊತ್ತಿಗೆ ಎರಡೂ ಸಮಸಮ, ಅದರ ನಂತರ ಘರ್ಷಣೆಯದೇ ಮೇಲುಗೈ.

m dv/dt = −kv − f ಬಿಡಿಸಿದರೆ ನಿಲ್ಲುವ ಸಮಯ τ ln(1 + kv₀/f) = 0.56 ಸೆಕೆಂಡ್. ಈಗ ಇದು ಅನಂತವಲ್ಲ. ದೂರ mv₀/k − (mf/k²) ln(1 + kv₀/f) = 0.46 ಮೀಟರ್. ಘರ್ಷಣೆಗೆ ಹೋದ ಶಕ್ತಿ 0.098 × 0.46, ಸುಮಾರು 0.045 ಜೂಲ್. ಉಳಿದ 0.055 ಜೂಲ್ ಮಾತ್ರ ವಿದ್ಯುತ್ತಾಗಿ ರೋಧದಲ್ಲಿ ಶಾಖವಾಯಿತು. ‘ಸರಳಿನ ಚಲನಶಕ್ತಿಯೆಲ್ಲ I²R ಆಗುತ್ತದೆ’ ಎಂಬ ವಾಕ್ಯವನ್ನು ಘರ್ಷಣೆ ಇರುವ ಲೆಕ್ಕಕ್ಕೆ ಹಾಗೆಯೇ ಎತ್ತಿ ಹಾಕಬೇಡಿ.

ಹಂತ 7: ಮೇಜಿನ ಮೇಲೆ ಮಾಡಿ ನೋಡುವವರಿಗೆ

ಹಾಳೆಯ ಮೇಲಿನ 0.5 ಟೆಸ್ಲಾ ಕ್ಷೇತ್ರವನ್ನು ಒಂದು ಮೀಟರ್ ಉದ್ದಕ್ಕೂ ಹರಡುವುದು ಕಾಲೇಜಿನ ಪ್ರಯೋಗಾಲಯದಲ್ಲಿ ಆಗದ ಮಾತು. ಕೈಲಾಗುವುದು ಹೀಗೆ: ಒಂದು ಕಬ್ಬಿಣದ ಪಟ್ಟಿಯ ಮೇಲೆ ಫೆರೈಟ್ ಆಯಸ್ಕಾಂತಗಳನ್ನು ಒಂದೇ ಧ್ರುವ ಮೇಲೆ ಬರುವಂತೆ ಸಾಲಾಗಿ ಅಂಟಿಸಿ. ಅವು ಒಂದನ್ನೊಂದು ದೂಡುತ್ತವೆ, ಗಮ್ ಒಣಗುವವರೆಗೆ ಬಿಗಿಯಾಗಿ ಕಟ್ಟಿಡಿ. ಮೇಲೆ ಐದು ಸೆಂಟಿಮೀಟರ್ ಅಂತರದಲ್ಲಿ ಎರಡು ಹಿತ್ತಾಳೆ ಪಟ್ಟಿಗಳು, ಅವುಗಳ ಮೇಲೆ 6 ಮಿಲಿಮೀಟರ್ ದಪ್ಪದ ಹಿತ್ತಾಳೆ ಸರಳು. ಕಬ್ಬಿಣದ ಸರಳು ಬೇಡ, ಆಯಸ್ಕಾಂತ ಅದನ್ನು ಹಿಡಿದುಬಿಡುತ್ತದೆ. ಹಳಿಯ ಮಟ್ಟದಲ್ಲಿ ಕ್ಷೇತ್ರ 0.05 ಟೆಸ್ಲಾ ಇದ್ದರೆ ಸೆಕೆಂಡಿಗೆ 0.4 ಮೀಟರ್ ವೇಗಕ್ಕೆ ಸಿಗುವುದು 1 ಮಿಲಿವೋಲ್ಟ್. ಮಲ್ಟಿಮೀಟರನ್ನು 200 ಮಿಲಿವೋಲ್ಟ್ ಶ್ರೇಣಿಯಲ್ಲಿಟ್ಟು ಸರಳನ್ನು ಕೈಯಿಂದ ಹಿಂದೆ ಮುಂದೆ ಎಳೆಯಿರಿ. ದಿಕ್ಕು ಬದಲಿಸಿದಾಗ ಚಿಹ್ನೆ ಬದಲಾಗಬೇಕು, ನಿಲ್ಲಿಸಿದಾಗ ಸೊನ್ನೆಯಾಗಬೇಕು. ನಿಂತಿರುವಾಗಲೂ ಮೀಟರ್ ಏನಾದರೂ ತೋರಿಸುತ್ತಿದ್ದರೆ ಅದು ಚಲನ ಇಎಂಎಫ್ ಅಲ್ಲ.

ಇಲ್ಲಿ ವೋಲ್ಟೇಜ್ ಕಾಣುತ್ತದೆ, ಬ್ರೇಕ್ ಕಾಣುವುದಿಲ್ಲ. ಮೀಟರಿನ ರೋಧ ಬಹಳ ದೊಡ್ಡದು, ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಹಳಿಗಳ ತುದಿಯನ್ನು ದಪ್ಪ ತಂತಿಯಿಂದ ಜೋಡಿಸಿದರೂ ನಿರಾಸೆಯೇ. ಸರಳಿನ ಸ್ವಂತ ರೋಧ ಸುಮಾರು 0.0001 ಓಮ್, ಆದರೆ ಸರಳು ಹಳಿಯನ್ನು ಮುಟ್ಟುವ ಜಾಗದ ರೋಧ ಅದರ ನೂರಾರು ಪಟ್ಟು. ಅದು 0.05 ಓಮ್ ಎಂದುಕೊಂಡರೂ ಬ್ರೇಕ್ ಬಲ 0.00005 ನ್ಯೂಟನ್. ಹನ್ನೆರಡು ಗ್ರಾಂ ಸರಳಿನ ಘರ್ಷಣೆ ಅದರ ನಾನೂರು ಪಟ್ಟಿಗೂ ಹೆಚ್ಚು. ಕರಾವಳಿಯ ಉಪ್ಪುಗಾಳಿಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಹಿತ್ತಾಳೆ ಬೇಗ ಕಪ್ಪಾಗಿ ಸ್ಪರ್ಶ ಇನ್ನೂ ಕೆಡುತ್ತದೆ. ಪ್ರಯೋಗಕ್ಕೆ ಸ್ವಲ್ಪ ಮೊದಲು ನುಣ್ಣನೆಯ ಉಜ್ಜುಕಾಗದದಿಂದ ಹಳಿ, ಸರಳು ಎರಡನ್ನೂ ತಿಕ್ಕಿ. ಇದರಿಂದ ಮೀಟರ್ ತೋರಿಸುವ ಅಂಕಿ ತಡವರಿಸದೆ ನಿಲ್ಲುತ್ತದೆ, ಬ್ರೇಕ್ ಮಾತ್ರ ಬರುವುದಿಲ್ಲ.

ಬ್ರೇಕ್ ಬೇಕೆಂದರೆ ಸ್ಪರ್ಶವನ್ನೇ ತೆಗೆದುಹಾಕಬೇಕು. ಸರಳಿನ ರೋಧವೊಂದೇ ಲೆಕ್ಕಕ್ಕೆ ಬರುವಂತಿದ್ದರೆ ಏನಾಗುತ್ತದೆ ನೋಡಿ. ದ್ರವ್ಯರಾಶಿ = ಸಾಂದ್ರತೆ d × ಅಡ್ಡಕೊಯ್ತ × l, ರೋಧ = ರೋಧಶೀಲತೆ ρ × l ÷ ಅಡ್ಡಕೊಯ್ತ. ಎರಡನ್ನೂ ಗುಣಿಸಿದಾಗ ಅಡ್ಡಕೊಯ್ತ ಹೊಡೆದುಹೋಗಿ τ = dρ/B² ಆಗುತ್ತದೆ. ಸರಳಿನ ದಪ್ಪ, ಉದ್ದ ಯಾವುದೂ ಉಳಿಯಲಿಲ್ಲ! ದಪ್ಪ ಮಾಡಿದರೆ ಕರೆಂಟ್ ಹೆಚ್ಚುತ್ತದೆ, ತೂಕವೂ ಅಷ್ಟೇ ಹೆಚ್ಚುತ್ತದೆ. 0.1 ಟೆಸ್ಲಾದಲ್ಲಿ ಶುದ್ಧ ತಾಮ್ರಕ್ಕೆ τ ಸುಮಾರು 15 ಮಿಲಿಸೆಕೆಂಡ್, ಶುದ್ಧ ಅಲ್ಯುಮಿನಿಯಂಗೆ ಸುಮಾರು 7. ತಾಮ್ರದಲ್ಲಿ ಕರೆಂಟ್ ಹೆಚ್ಚು ಹರಿದರೂ ಅಲ್ಯುಮಿನಿಯಂ ಬೇಗ ನಿಲ್ಲುತ್ತದೆ, ಏಕೆಂದರೆ ಅದು ಅಷ್ಟು ಹಗುರ.

ಆದ್ದರಿಂದ ಸರಳು ಮತ್ತು ಹಳಿಯ ಬದಲು ಎರಡು ಮಿಲಿಮೀಟರ್ ದಪ್ಪದ ಅಲ್ಯುಮಿನಿಯಂ ತಗಡಿನ ತುಂಡೊಂದನ್ನು ಲೋಲಕದಂತೆ ತೂಗುಬಿಡಿ. ಕಿಟಕಿ ಚೌಕಟ್ಟು ಮಾಡುವ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಚೂರು ಸಿಗುತ್ತದೆ. ಎರಡು ನಿಯೋಡಿಮಿಯಂ ಆಯಸ್ಕಾಂತಗಳನ್ನು ವಿರುದ್ಧ ಧ್ರುವಗಳು ಎದುರುಬದುರಾಗುವಂತೆ, ಎಂಟು-ಹತ್ತು ಮಿಲಿಮೀಟರ್ ಸಂದು ಬಿಟ್ಟು ಗಟ್ಟಿಯಾಗಿ ಕೂರಿಸಿ. ಅವು ಬೆರಳನ್ನು ಜಜ್ಜುವಷ್ಟು ಜೋರಾಗಿ ಸೆಳೆಯುತ್ತವೆ, ನಡುವೆ ಮರದ ತುಂಡಿಟ್ಟೇ ಹತ್ತಿರ ತನ್ನಿ. ಪೇಸ್‌ಮೇಕರ್ ಇರುವವರನ್ನು ದೂರವಿಡಿ. ಸಂದಿನಲ್ಲಿರುವ ತಗಡಿನ ಭಾಗವೇ ಸರಳು, ಸುತ್ತಲಿನ ತಗಡೇ ಹಳಿ ಮತ್ತು ರೋಧಕ. ಹೊರಭಾಗದ ರೋಧವೂ ಸೇರುವುದರಿಂದ, ಅಂಗಡಿಯ ತಗಡು ಮಿಶ್ರಲೋಹವಾದ್ದರಿಂದ τ ಮೇಲಿನ ಸೂತ್ರಕ್ಕಿಂತ ಕೆಲವು ಪಟ್ಟು ಹೆಚ್ಚೇ ಬರುತ್ತದೆ. ಆದರೂ ತಗಡು ಒಂದೆರಡು ತೂಗಿನಲ್ಲೇ ನಿಲ್ಲುತ್ತದೆ.

ಅದೇ ಅಳತೆಯ ಇನ್ನೊಂದು ತುಂಡಿನ ಕೆಳ ಅಂಚಿನಿಂದ ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ಸೀಳುಗಳನ್ನು ಕತ್ತರಿಸಿ ತೂಗುಬಿಡಿ. ಪ್ರತಿ ಹಲ್ಲಿನಲ್ಲೂ ಇಎಂಎಫ್ ಹುಟ್ಟುತ್ತದೆ, ಆದರೆ ಕರೆಂಟ್ ಅಗಲವಾಗಿ ಸುತ್ತಿ ಬರಲು ದಾರಿಯಿಲ್ಲ. ಈ ತುಂಡು ಬಹಳ ಹೊತ್ತು ತೂಗುತ್ತಲೇ ಇರುತ್ತದೆ. ಸೀಳಿದ ತುಂಡೂ ಬೇಗನೆ ನಿಂತರೆ ಅದು ಆಯಸ್ಕಾಂತಕ್ಕೆ ಉಜ್ಜುತ್ತಿದೆ ಎಂದರ್ಥ. ಸಂದನ್ನು ಒಂದು ಮಿಲಿಮೀಟರ್ ಅಗಲಿಸಿ ಮತ್ತೆ ನೋಡಿ.